ಪೆನ್ ಮಾರಿ ಅಂತಾರೆ, ಟಾರ್ಗೆಟ್ ಮುಟ್ಟಿಸ್ತೀರಾ ಅಂತಾರೆ: ಸೇಲ್ಸ್ ಇಂಟರ್‌ವ್ಯೂನ ಎರಡು ಪ್ರಶ್ನೆಗಳ ಒಳಲೆಕ್ಕ

ಹಾಸನದ ಸುತ್ತಮುತ್ತ ಡಿಗ್ರಿ ಮುಗಿಸಿ, ಊರು ಬಿಡದೆ ಕೆಲಸ ಹುಡುಕುವವರಿಗೆ ಮೊದಲು ಬರುವ ಕರೆ ಹೆಚ್ಚಾಗಿ ಸೇಲ್ಸ್ ಕೆಲಸದ್ದೇ. ಬಿಸ್ಕತ್ತು, ಸೋಪು ಹಂಚುವ ಡಿಸ್ಟ್ರಿಬ್ಯೂಟರ್, ಬೈಕ್ ಶೋರೂಂ, ಟ್ರ್ಯಾಕ್ಟರ್ ಡೀಲರ್, ಗೊಬ್ಬರ ಮತ್ತು ಔಷಧಿ ಕಂಪನಿ, ಇನ್ಶೂರೆನ್ಸ್, ಹೀಗೆ. ಓದಿದ್ದು ಅಕೌಂಟ್ಸ್, ಕರೆದದ್ದು ಬಿಸ್ಕತ್ತು ಮಾರೋಕೆ. ಇಂಟರ್‌ವ್ಯೂ ಹೇಗಿರುತ್ತೆ ಅಂತ ಮನೆಯಲ್ಲಿ ಹೇಳಿಕೊಡುವವರೂ ಇರಲ್ಲ.

ಒಳಗೆ ಹೋದರೆ ಹೆಸರು, ಊರು, ಗಾಡಿ ಇದೆಯಾ, ಡಿಎಲ್ ಇದೆಯಾ ಅನ್ನುವಷ್ಟರಲ್ಲಿ ಮೊದಲ ಕೆಲವು ನಿಮಿಷ ಮುಗಿಯುತ್ತವೆ. ಆಮೇಲೆ ಮ್ಯಾನೇಜರ್ ಜೇಬಿನಿಂದ ಪೆನ್ ತೆಗೆದು ಮುಂದೆ ಇಡುತ್ತಾರೆ. "ತಗೊಳ್ಳಿ, ಇದನ್ನ ನನಗೆ ಮಾರಿ." ಅದು ಮುಗಿದರೆ ಇನ್ನೊಂದು. "ತಿಂಗಳಿಗೆ ಏಳೂವರೆ ಲಕ್ಷ ಟಾರ್ಗೆಟ್. ಮಾಡ್ತೀರಾ?"

ಮೊದಲನೆಯದು ಮಾತುಗಾರಿಕೆ ನೋಡೋಕೆ, ಎರಡನೆಯದು ಧೈರ್ಯ ನೋಡೋಕೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಎರಡರಲ್ಲೂ ನೋಡುವುದು ಒಂದೇ ವಿಷಯ: ಬಾಯಿ ತೆರೆಯುವ ಮುಂಚೆ ಈ ಹುಡುಗ ಅಥವಾ ಹುಡುಗಿ ಎದುರಿಗಿರುವವರ ಹತ್ತಿರ ಏನಾದರೂ ಕೇಳಿ ತಿಳಿದುಕೊಳ್ಳುತ್ತಾರಾ, ಇಲ್ಲವಾ. ಪೆನ್ನಿನಲ್ಲಿ ಕೇಳಬೇಕಾದ್ದು ಅಗತ್ಯವನ್ನು, ಟಾರ್ಗೆಟ್‌ನಲ್ಲಿ ಅಂಕಿಯನ್ನು.

## ಪೆನ್ ಕೊಟ್ಟು ಅವರು ನೋಡುವುದೇನು

ಪೆನ್ ಕೈಗೆ ಬಂದ ತಕ್ಷಣ ಹತ್ತರಲ್ಲಿ ಎಂಟು ಜನ ಶುರುಮಾಡುವುದು ಹೀಗೆ: "ಸಾರ್, ಇದು ತುಂಬಾ ಒಳ್ಳೆ ಪೆನ್. ಸ್ಮೂತ್ ಆಗಿ ಬರೆಯುತ್ತೆ. ಬಾಡಿ ಸ್ಟ್ರಾಂಗ್ ಇದೆ. ಬೆಲೆನೂ ಕಮ್ಮಿ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಎದುರಿಗೆ ಕೂತವರಿಗೆ ಸ್ಮೂತ್ ಪೆನ್ ಬೇಕೋ, ಬೇಡವೋ ಗೊತ್ತಿಲ್ಲದೆಯೇ ಹೊಗಳಿಕೆ ಸುರಿದದ್ದಾಯಿತು. ನಾಳೆ ಇದೇ ಮನುಷ್ಯ ಅಂಗಡಿಗೆ ಹೋಗಿ ಇದೇ ರೀತಿ ಮಾತಾಡುತ್ತಾನೆ, ಅಂಗಡಿಯವರು "ಮುಂದಿನ ವಾರ ಬಾಪ್ಪ" ಅಂತ ಕಳಿಸುತ್ತಾರೆ. ಮ್ಯಾನೇಜರ್ ತಲೆಯಲ್ಲಿ ಓಡುವುದು ಅದು.

ಇನ್ನೊಂದು ಗುಂಪು ವಿಡಿಯೋ ನೋಡಿಕೊಂಡು ಬಂದಿರುತ್ತದೆ. ಪೆನ್ ಕೈಗೆ ತೆಗೆದುಕೊಂಡು, "ಸಾರ್, ಈ ಪೇಪರ್ ಮೇಲೆ ನಿಮ್ಮ ಹೆಸರು ಬರೀರಿ" ಅನ್ನುತ್ತಾರೆ. ಪೆನ್ ಇಲ್ಲವಲ್ಲ ಅಂದರೆ, "ನೋಡಿ, ಅದಕ್ಕೇ ಈ ಪೆನ್ ಬೇಕು" ಅಂತ ಮುಗಿಸುತ್ತಾರೆ. ಮೊದಲ ಸಲ ಕೇಳಿದವರಿಗೆ ಇದು ಜಾಣತನ ಅನ್ನಿಸಬಹುದು. ವರ್ಷವಿಡೀ ಇಂಟರ್‌ವ್ಯೂ ಮಾಡುವವರು ಇದನ್ನು ಕೇಳಿ ಕೇಳಿ ಸುಸ್ತಾಗಿರುತ್ತಾರೆ. "ನನ್ನ ಡ್ರಾಯರ್‌ನಲ್ಲಿ ಇನ್ನೂ ನಾಲ್ಕಿವೆ" ಅಂತ ಒಂದು ತೆಗೆದು ಹೆಸರು ಬರೆದೇ ಬಿಟ್ಟರೆ ಮುಂದೆ ಏನು ಹೇಳುವುದು? ಆ ಟ್ರಿಕ್ ಅಲ್ಲಿಗೇ ನಿಂತುಹೋಗುತ್ತದೆ.

ಮ್ಯಾನೇಜರ್ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುವುದು ಇಷ್ಟನ್ನು. ಪ್ರಶ್ನೆ ಕೇಳಿದರಾ? ಉತ್ತರ ಬಂದಾಗ ಕಿವಿಗೊಟ್ಟರಾ, ಅಥವಾ ಮುಂದಿನ ಡೈಲಾಗ್ ಯೋಚಿಸುತ್ತಿದ್ದರಾ? ಹೇಳಿದ ಕಷ್ಟಕ್ಕೂ ಪೆನ್ನಿಗೂ ಗಂಟು ಹಾಕಿದರಾ? ಬೇಡ ಅಂದಾಗ ಮುಖ ಬಾಡಿತಾ? ಕೊನೆಗೆ ಆರ್ಡರ್ ಕೇಳಿದರಾ? ಕೊನೆಯದನ್ನು ಮರೆಯುವವರೇ ಜಾಸ್ತಿ. ಚೆನ್ನಾಗಿ ಮಾತಾಡಿ, "ಅಷ್ಟೇ ಸಾರ್" ಅಂತ ಪೆನ್ ವಾಪಸ್ ಇಡುತ್ತಾರೆ. ಮಾರಿದ್ದೇನೂ ಇಲ್ಲ.

## ಮೊದಲು ಕೇಳಬೇಕಾದ್ದು: ನೀವೀಗ ಯಾರು ಸಾರ್?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆಲೂರಿನ ಕಡೆಯ ಹುಡುಗಿ, ಬಿಕಾಂ ಮುಗಿದಿದೆ. ಹಾಸನದ ಒಬ್ಬ ಬಿಸ್ಕತ್ತು ಡಿಸ್ಟ್ರಿಬ್ಯೂಟರ್ ಹತ್ತಿರ ಸೇಲ್ಸ್ ಕೆಲಸಕ್ಕೆ ಇಂಟರ್‌ವ್ಯೂ. ಮ್ಯಾನೇಜರ್ ಮುಂದಿಟ್ಟದ್ದು ಹತ್ತು ರೂಪಾಯಿಯ ಒಂದು ಬಾಲ್ ಪೆನ್.

"ಇದನ್ನ ಮಾರಿ ನೋಡೋಣ."

"ಸಾರ್, ಅದಕ್ಕೂ ಮುಂಚೆ ಒಂದು ಕೇಳ್ಲಾ? ನೀವೀಗ ಪೆನ್ ಬಳಸೋರಾ, ಅಂಗಡಿ ಇಟ್ಕೊಂಡಿರೋರಾ?"

"ಬಳಸೋನು ಅಂತಲೇ ಇಟ್ಕೊಳ್ಳಮ್ಮ."

"ಸರಿ ಸಾರ್. ದಿನಾ ಜಾಸ್ತಿ ಏನು ಬರೀತೀರಿ?"

"ಬಿಲ್ ಪುಸ್ತಕ. ಮೂರು ಕಾಪಿ."

"ಈಗ ಯಾವ ಪೆನ್ನಲ್ಲಿ ಬರೀತಿದ್ದೀರಿ?"

"ಜೆಲ್ ಪೆನ್. ಕೈಗೆ ಹಗುರ."

"ಮೂರನೇ ಕಾಪಿ ಸರಿಯಾಗಿ ಮೂಡುತ್ತಾ ಸಾರ್?"

"ಎಲ್ಲಿ ಮೂಡುತ್ತೆ? ಎಷ್ಟೋ ಸಲ ಮೇಲಿಂದ ತಿದ್ದಬೇಕು."

"ಅದರಿಂದ ತೊಂದರೆ ಏನಾದ್ರೂ ಆಗಿದೆಯಾ?"

"ಆಗದೆ ಏನು. ಅಂಗಡಿಯವರು ನನ್ನ ಕಾಪೀಲಿ ಈ ಅಂಕಿ ಇಲ್ಲ ಅಂತ ತಗಾದೆ ತೆಗೀತಾರೆ."

"ಹಾಗಾದ್ರೆ ನಿಮಗೆ ಇದೇ ಸರಿ ಸಾರ್. ಇದು ಬಾಲ್ ಪೆನ್, ಒತ್ತಿ ಬರೆಯಬಹುದು, ಕೆಳಗಿನ ಕಾಪಿವರೆಗೆ ಮೂಡುತ್ತೆ. ಬಿಲ್ ಪುಸ್ತಕ ಇದ್ರೆ ಒಂದು ಸಾಲು ಬರೆದು ಮೂರನೇ ಹಾಳೆ ನೋಡಿ."

"ಅಲ್ಲಮ್ಮ, ಬಾಲ್ ಪೆನ್ ಐದು ರೂಪಾಯಿಗೂ ಸಿಗುತ್ತೆ."

"ಸಿಗುತ್ತೆ ಸಾರ್, ಅದೂ ಕಾಪಿ ಮೂಡಿಸುತ್ತೆ. ಇದರಲ್ಲಿ ಹಿಡಿಯೋ ಜಾಗ ದಪ್ಪ ಇದೆ, ಒತ್ತಿ ಬರೆದ್ರೂ ಬೆರಳು ನೋಯಲ್ಲ. ನಿಮ್ಮಲ್ಲಿ ಬಿಲ್ ಬರೆಯೋರು ಎಷ್ಟು ಜನ?"

"ಮೂರು."

"ಮೂರು ಜನಕ್ಕೆ ಒಂದೊಂದು, ಮೇಲೊಂದು ಇರಲಿ. ನಾಲ್ಕು ಬರ್ಕೊಳ್ಲಾ ಸಾರ್? ನಲವತ್ತು ರೂಪಾಯಿ ಆಗುತ್ತೆ."

ಇಷ್ಟು ಹೇಳಿ ಅವಳು ಸುಮ್ಮನಾದಳು. ಮಾರುವವರಿಗೆ ಅತಿ ಕಷ್ಟದ ಕೆಲಸ ಅದು. ಆರ್ಡರ್ ಕೇಳಿದ ಮೇಲೆ ಎದುರಿನವರು ಯೋಚಿಸುವ ಮೂರು ಸೆಕೆಂಡ್ ಸಹಿಸಲಾಗದೆ, "ಬೇಕಿದ್ರೆ ಎರಡೇ ತಗೊಳ್ಳಿ ಸಾರ್, ಇಲ್ಲಾಂದ್ರೆ ಡಿಸ್ಕೌಂಟ್ ಕೊಡ್ತೀನಿ" ಅಂತ ತಾವೇ ಇಳಿದುಬಿಡುವವರು ಬಹಳ. ಯಾರೂ ಕೇಳದ ರಿಯಾಯಿತಿ ಕೊಟ್ಟರೆ ಮ್ಯಾನೇಜರ್‌ಗೆ ಅಲ್ಲೇ ಚಿಂತೆ ಶುರು.

ಇಲ್ಲಿ ಗಮನಿಸಬೇಕಾದ ವಿಷಯ ಎರಡಿವೆ. ಪೆನ್ನಿನ ಗುಣ ಅಂತ ಅವಳು ಹೇಳಿದ್ದು ಎರಡೇ ಮಾತು. ಒತ್ತಿದರೆ ಕಾಪಿ ಮೂಡುತ್ತದೆ ಅನ್ನುವುದು ಬಂದದ್ದು ಮ್ಯಾನೇಜರ್ ತಮ್ಮ ಕಷ್ಟ ಹೇಳಿಕೊಂಡ ಮೇಲೆ. ದಪ್ಪ ಹಿಡಿ ಬಂದದ್ದು ಬೆಲೆ ಪ್ರಶ್ನೆ ಎದ್ದ ಮೇಲೆ. ಪೆನ್ನಿನ ಬಣ್ಣ, ಕ್ಯಾಪ್, ಕಂಪನಿ ಹೆಸರು ಯಾವುದೂ ಬರಲಿಲ್ಲ, ಯಾಕೆಂದರೆ ಯಾರೂ ಅದನ್ನು ಕೇಳಿರಲಿಲ್ಲ. ಇನ್ನೊಂದು, ಐದು ರೂಪಾಯಿ ಪೆನ್ ಕೆಟ್ಟದ್ದು ಅಂತ ಅವಳು ಜರೆಯಲಿಲ್ಲ. ಅದೂ ಬರೆಯುತ್ತದೆ ಅಂತ ಒಪ್ಪಿಕೊಂಡಳು. ಎದುರಾಳಿ ಮಾಲನ್ನು ಬೈದರೆ, ಅದನ್ನು ಇಷ್ಟು ದಿನ ಕೊಂಡವರನ್ನೇ ಬೈದ ಹಾಗೆ ಆಗುತ್ತದೆ.

ಕೆಲವು ಮ್ಯಾನೇಜರ್‌ಗಳು ಬೇಕಂತಲೇ ಬಾಗಿಲು ಹಾಕುತ್ತಾರೆ. "ನಂಗೆ ಪೆನ್ನೇ ಬೇಡ, ಎಲ್ಲಾ ಫೋನಲ್ಲೇ ಆಗುತ್ತೆ." ಇದಕ್ಕೆ ವಾದ ಮಾಡಬೇಡಿ. "ಹೌದು ಸಾರ್, ಈಗ ಬರೆಯೋದೇ ಕಮ್ಮಿ. ಕೊನೇ ಸಲ ಪೆನ್ ಬೇಕಾಗಿದ್ದು ಯಾವಾಗ?" ಅಂತ ಕೇಳಿ. ಬ್ಯಾಂಕಿನ ಚಲನ್, ಚೆಕ್ಕು, ಕೊರಿಯರ್ ಸಹಿ, ಏನೋ ಒಂದು ಬಂದೇ ಬರುತ್ತದೆ. ನಿಜಕ್ಕೂ ಏನೂ ಬರದಿದ್ದರೆ, "ನಿಮ್ಮ ಆಫೀಸಲ್ಲಿ ಯಾರು ಜಾಸ್ತಿ ಬರೀತಾರೆ? ಅವರ ಹತ್ರ ಮಾತಾಡ್ಲಾ?" ಅನ್ನಬಹುದು. ಬೇಡದವರ ಮೇಲೆ ಹೇರದೆ, ಬೇಕಾದವರನ್ನು ಹುಡುಕಿಕೊಂಡು ಹೋಗುವುದೂ ಇದೇ ಕೆಲಸದ ಭಾಗ ತಾನೇ.

## ಅಂಗಡಿಯವರಾದರೆ ಮಾತೇ ಬೇರೆ

ಅದೇ ಹುಡುಗಿಯ ಮೊದಲ ಪ್ರಶ್ನೆಗೆ ಮ್ಯಾನೇಜರ್ "ನಾನು ಸಾಲಗಾಮೆ ರಸ್ತೆಯಲ್ಲಿ ಸ್ಟೇಷನರಿ ಅಂಗಡಿ ಇಟ್ಟಿದ್ದೀನಿ" ಅಂದಿದ್ದರೆ? ಆಗ ಕಾರ್ಬನ್ ಕಾಪಿ, ದಪ್ಪ ಹಿಡಿ ಎಲ್ಲ ಪಕ್ಕಕ್ಕೆ. ಅಂಗಡಿಯವರು ಆ ಪೆನ್ನಿನಲ್ಲಿ ಬರೆಯುವುದಿಲ್ಲ, ಅದನ್ನು ಮಾರುತ್ತಾರೆ. ಅವರಿಗೆ ಬೇಕಾದ್ದು ನಾಲ್ಕು ವಿಷಯ. ಎಷ್ಟು ಉಳಿಯುತ್ತೆ, ಎಷ್ಟು ದಿನದಲ್ಲಿ ಖಾಲಿಯಾಗುತ್ತೆ, ಹಣ ಯಾವಾಗ ಕೊಡಬೇಕು, ಮಾರಾಟ ಆಗದಿದ್ದರೆ ವಾಪಸ್ ತಗೊಳ್ತೀರಾ.

ಹಾಗಾಗಿ ಪ್ರಶ್ನೆಗಳೂ ಬದಲಾಗುತ್ತವೆ. "ಈಗ ಯಾವ ಪೆನ್ ಜಾಸ್ತಿ ಹೋಗ್ತಿದೆ ಸಾರ್? ವಾರಕ್ಕೆ ಎಷ್ಟು ಬಾಕ್ಸ್? ತಗೊಳ್ಳೋರು ಕಾಲೇಜು ಮಕ್ಕಳಾ, ಆಫೀಸಿನವರಾ?" ಇಷ್ಟು ಗೊತ್ತಾದ ಮೇಲೆ ಲೆಕ್ಕ ಹೇಳಬೇಕು. ಪೆನ್ನಿನ ಎಂಆರ್‌ಪಿ 10 ರೂಪಾಯಿ, ಅಂಗಡಿಗೆ 8 ರೂಪಾಯಿಗೆ ಬೀಳುತ್ತದೆ ಅಂದುಕೊಳ್ಳಿ. 20 ಪೆನ್ನಿನ ಬಾಕ್ಸಿಗೆ ಅವರು ಹಾಕುವುದು 160 ರೂಪಾಯಿ, ಬರುವುದು 200. ಉಳಿಯುವುದು 40. ವಾರಕ್ಕೆ ಒಂದು ಬಾಕ್ಸ್ ಹೋದರೆ ಅದೇ 160 ರೂಪಾಯಿ ತಿಂಗಳಲ್ಲಿ ನಾಲ್ಕು ಸಲ ತಿರುಗಿ ಇನ್ನೊಂದು 160 ದುಡಿದುಕೊಡುತ್ತದೆ. ಇದು ಅಂಗಡಿಯವರಿಗೆ ಅರ್ಥವಾಗುವ ಭಾಷೆ.

ಇಲ್ಲಿ ಒಂದು ಸಣ್ಣ ಹೊಂಡ ಇದೆ. "ಮಾರ್ಜಿನ್ ಎಷ್ಟು ಪರ್ಸೆಂಟ್?" ಅಂತ ಮ್ಯಾನೇಜರ್ ಕೇಳಬಹುದು. 2 ರೂಪಾಯಿ ಲಾಭವನ್ನು ಮಾರುವ ಬೆಲೆ 10ರ ಮೇಲೆ ಲೆಕ್ಕ ಹಾಕಿದರೆ 20 ಪರ್ಸೆಂಟ್. ಕೊಂಡ ಬೆಲೆ 8ರ ಮೇಲೆ ಹಾಕಿದರೆ 25 ಪರ್ಸೆಂಟ್. ಎರಡೂ ಸರಿ, ಯಾವುದರ ಮೇಲೆ ಅಂತ ಹೇಳಬೇಕು ಅಷ್ಟೇ. ಅಂಗಡಿಯವರು ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು, ನೀವು ಇನ್ನೊಂದನ್ನು ಹೇಳಿದರೆ ಬಿಲ್ ಬಂದ ದಿನ ಜಗಳ ಗ್ಯಾರಂಟಿ. "ಎಂಆರ್‌ಪಿ ಮೇಲೆ 20, ನಿಮ್ಮ ಖರೀದಿ ಮೇಲೆ 25" ಅಂತ ಎರಡನ್ನೂ ಹೇಳಿದವರು ಆ ಮೇಜಿನ ಮೇಲೆ ಬೇಗ ಎದ್ದು ಕಾಣುತ್ತಾರೆ.

## ಟಾರ್ಗೆಟ್ ಅಂದರೆ ಯಾವ ಲೆಕ್ಕ

ಈಗ ಎರಡನೇ ಪ್ರಶ್ನೆಗೆ ಬರೋಣ. "ಏಳೂವರೆ ಲಕ್ಷ ಮಾಡ್ತೀರಾ?" ಅಂದರೆ "ಖಂಡಿತಾ ಸಾರ್, ಹಗಲು ರಾತ್ರಿ ದುಡಿದಾದ್ರೂ ಮುಟ್ಟಿಸ್ತೀನಿ" ಅನ್ನುವುದು ರೂಢಿ. ಮ್ಯಾನೇಜರ್ ತಲೆಯಾಡಿಸುತ್ತಾರೆ, ಬರೆದುಕೊಳ್ಳುವುದೇನೂ ಇಲ್ಲ. ರಾತ್ರಿ ದುಡಿಯೋಕೆ ಅಂಗಡಿ ತೆಗೆದಿರಬೇಕಲ್ಲ.

ಟಾರ್ಗೆಟ್ ಅಂದರೆ ಇಷ್ಟು ದಿನದೊಳಗೆ ಇಷ್ಟು ಮಾರಬೇಕು ಅಂತ ಕೊಡುವ ಅಂಕಿ. ಆದರೆ ಏನನ್ನು ಎಣಿಸುತ್ತಾರೆ ಅನ್ನುವುದು ಕೆಲಸದಿಂದ ಕೆಲಸಕ್ಕೆ ಬೇರೆ. ಶೋರೂಂನಲ್ಲಿ ಗಾಡಿ ಎಣಿಸುತ್ತಾರೆ, ಇನ್ಶೂರೆನ್ಸ್‌ನಲ್ಲಿ ಪ್ರೀಮಿಯಂ ಎಣಿಸುತ್ತಾರೆ. ಬಿಸ್ಕತ್ತು, ಸೋಪಿನ ಲೈನಿನಲ್ಲಿ ಎರಡು ಹಂತದ ಮಾರಾಟ ಇರುತ್ತದೆ. ಕಂಪನಿ ಡಿಸ್ಟ್ರಿಬ್ಯೂಟರ್‌ಗೆ ಮಾಲು ಕಳಿಸುವುದು ಪ್ರೈಮರಿ. ಡಿಸ್ಟ್ರಿಬ್ಯೂಟರ್ ಗೋಡೌನಿನಿಂದ ಅಂಗಡಿಗಳಿಗೆ ಹೋಗುವುದು ಸೆಕೆಂಡರಿ. ಅಂಗಡಿ ಅಂಗಡಿ ಸುತ್ತಿ ಆರ್ಡರ್ ತರುವವರ ಕೈಯಲ್ಲಿರುವುದು ಸೆಕೆಂಡರಿ. "ಈ ಏಳೂವರೆ ಲಕ್ಷ ಸೆಕೆಂಡರಿನಾ ಸಾರ್?" ಅಂತ ಒಂದು ಪ್ರಶ್ನೆ ಕೇಳಿದರೆ, ಹೊಸಬರಾದರೂ ಲೈನ್ ಗೊತ್ತಿರುವವರು ಅನ್ನಿಸುತ್ತದೆ.

ಇನ್ನು ಕೆಲವು ಪದಗಳು ಬೇಕು. ಒಂದು ದಿನಕ್ಕೆ ಸುತ್ತಬೇಕಾದ ಅಂಗಡಿಗಳ ಸಾಲಿಗೆ ಬೀಟ್ ಅನ್ನುತ್ತಾರೆ. ಸೋಮವಾರ ಹಾಸನ ಪೇಟೆ, ಮಂಗಳವಾರ ಆಲೂರು, ಬುಧವಾರ ಸಕಲೇಶಪುರ, ಹೀಗೆ. ಅಂಗಡಿಗೆ ಹೋಗಿ ಮಾತಾಡಿದರೆ ಅದು ಒಂದು ಕಾಲ್. ಆ ಅಂಗಡಿ ಆರ್ಡರ್ ಕೊಟ್ಟರೆ ಅದು ಪ್ರೊಡಕ್ಟಿವ್ ಕಾಲ್, ಸುಮ್ನೆ ಹೇಳುವುದಾದರೆ ಬಿಲ್ ಆದ ಅಂಗಡಿ. ಮುಂದಿನ ಲೆಕ್ಕಕ್ಕೆ ಇಷ್ಟು ಸಾಕು.

## ಏಳೂವರೆ ಲಕ್ಷವನ್ನು ಬಿಡಿಸಿದಾಗ

ಆಲೂರಿನ ಹುಡುಗಿ "ಮಾಡ್ತೀನಿ" ಅನ್ನಲಿಲ್ಲ, "ಆಗಲ್ಲ" ಅಂತಲೂ ಅನ್ನಲಿಲ್ಲ. ಒಂದು ಹಾಳೆ ಕೇಳಿ ತೆಗೆದುಕೊಂಡಳು.

"ಸಾರ್, ಎಷ್ಟು ಬೀಟ್ ಇದೆ? ಒಂದು ಬೀಟಲ್ಲಿ ಎಷ್ಟು ಅಂಗಡಿ?"

"ಆರು ಬೀಟ್. ಒಂದೊಂದರಲ್ಲಿ ನಲವತ್ತು."

"ಈಗ ಆ ಲೈನಲ್ಲಿ ದಿನಕ್ಕೆ ಎಷ್ಟು ಬಿಲ್ ಆಗ್ತಿದೆ? ಒಂದು ಬಿಲ್ ಸರಾಸರಿ ಎಷ್ಟು?"

"ಇಪ್ಪತ್ತು ಬಿಲ್. ಸಾವಿರದ ಇನ್ನೂರರ ಹಾಗೆ."

ಈ ನಾಲ್ಕು ಅಂಕಿ ಸಿಕ್ಕರೆ ಅರ್ಧ ಕೆಲಸ ಆಯಿತು. ತಿಂಗಳಿಗೆ 25 ಕೆಲಸದ ದಿನ. ದಿನಕ್ಕೆ 20 ಬಿಲ್ ಅಂದರೆ 500 ಬಿಲ್. ಬಿಲ್ಲಿಗೆ 1,200 ರೂಪಾಯಿ ಅಂದರೆ 6 ಲಕ್ಷ. ಅಂದರೆ ಈಗಿನ ಓಟದಲ್ಲೇ ಹೋದರೆ 6 ಲಕ್ಷ ಬರುತ್ತದೆ, ಒಂದೂವರೆ ಲಕ್ಷ ಕಮ್ಮಿ ಬೀಳುತ್ತದೆ. ನಿಜವಾದ ಪ್ರಶ್ನೆ ಏಳೂವರೆ ಲಕ್ಷದ್ದಲ್ಲ, ಈ ಒಂದೂವರೆ ಲಕ್ಷದ್ದು.

ಅದನ್ನು ತರೋಕೆ ಇರುವ ದಾರಿ ಎರಡೇ. ಬಿಲ್ಲುಗಳ ಸಂಖ್ಯೆ ಏರಬೇಕು, ಇಲ್ಲವೇ ಒಂದೊಂದು ಬಿಲ್ಲಿನ ಮೊತ್ತ ಏರಬೇಕು. ಬರೀ ಸಂಖ್ಯೆಯಿಂದಲೇ ತರುವುದಾದರೆ 625 ಬಿಲ್ ಬೇಕು, ಅಂದರೆ ದಿನಕ್ಕೆ 20ರ ಬದಲು 25. ಬರೀ ಮೊತ್ತದಿಂದಲೇ ತರುವುದಾದರೆ ಬಿಲ್ಲಿಗೆ 1,500 ಆಗಬೇಕು. ಯಾವುದೋ ಒಂದನ್ನೇ ಅಷ್ಟು ಎತ್ತರಿಸುವುದು ಕಷ್ಟ. ಎರಡನ್ನೂ ಸ್ವಲ್ಪ ಸ್ವಲ್ಪ ಏರಿಸಿದರೆ ಸಾಧ್ಯ ಅನ್ನಿಸತೊಡಗುತ್ತದೆ. ದಿನಕ್ಕೆ 23 ಬಿಲ್ ಅಂದರೆ ತಿಂಗಳಿಗೆ 575. ಬಿಲ್ಲಿಗೆ 1,300 ಅಂದರೆ 7,47,500. ಉಳಿದ ಎರಡೂವರೆ ಸಾವಿರಕ್ಕೆ ಮೇಲೆ ಎರಡು ಬಿಲ್ ಸಾಕು.

ಹಾಳೆ ಮೇಲೆ ಇದನ್ನು ಬರೆದು ಅವಳು ಹೇಳಿದ್ದು ಹೀಗೆ: "ಸಾರ್, ದಿನಕ್ಕೆ ಮೂರು ಅಂಗಡಿ ಜಾಸ್ತಿ ಬಿಲ್ ಆಗಬೇಕು, ಬಿಲ್ಲಿಗೆ ನೂರು ರೂಪಾಯಿ ಏರಬೇಕು. ನಲವತ್ತರಲ್ಲಿ ಆರ್ಡರ್ ಕೊಡದೆ ಇರೋ ಇಪ್ಪತ್ತು ಅಂಗಡಿ ಯಾವುವು, ಯಾಕೆ ಕೊಡ್ತಿಲ್ಲ ಅಂತ ಮೊದಲೆರಡು ವಾರ ಬರ್ಕೊಂಡು ಬರ್ತೀನಿ. ನೂರು ರೂಪಾಯಿ ಏರಿಸೋಕೆ, ಅಂಗಡೀಲಿ ಈಗ ಇಲ್ಲದ ಒಂದೊಂದು ಐಟಂ ಸೇರಿಸ್ತೀನಿ. ಮೊದಲ ತಿಂಗಳೇ ಏಳೂವರೆ ಆಗುತ್ತೆ ಅಂತ ಮಾತು ಕೊಡಲ್ಲ. ಮೂರನೇ ತಿಂಗಳಿಗೆ ಅಲ್ಲಿಗೆ ಬರೋ ಹಾಗೆ ಪ್ಲಾನ್ ತೋರಿಸ್ತೀನಿ."

ಈ ಉತ್ತರದಲ್ಲಿ ಧೈರ್ಯ ಎಷ್ಟಿದೆಯೋ ಗೊತ್ತಿಲ್ಲ, ಕೆಲಸ ಕಾಣುತ್ತದೆ. ಆರ್ಡರ್ ಕೊಡದ ಅಂಗಡಿಗಳಿಗೂ ಕಾರಣ ಇರುತ್ತದೆ. ಹಳೆ ಡ್ಯಾಮೇಜ್ ಮಾಲು ವಾಪಸ್ ತೆಗೆದುಕೊಂಡಿಲ್ಲ, ಹಿಂದಿನ ಹುಡುಗ ಹೇಳಿದ ಸ್ಕೀಮ್ ಕೊಟ್ಟಿಲ್ಲ, ಅಥವಾ ಮಾಲೀಕರು ಸಿಗುವುದೇ ಸಂಜೆ, ಇವರು ಹೋಗುವುದು ಬೆಳಿಗ್ಗೆ. ಇವುಗಳಲ್ಲಿ ಅರ್ಧಕ್ಕರ್ಧ ಸರಿಪಡಿಸಬಹುದಾದವು.

ಊರಿನ ಹುಡುಗರಿಗೆ ಇಲ್ಲಿ ಒಂದು ಅನುಕೂಲ ಇದೆ, ಅದನ್ನು ಬಳಸಿಕೊಳ್ಳುವವರು ಕಮ್ಮಿ. ಯಾವ ಊರಲ್ಲಿ ಯಾವತ್ತು ಸಂತೆ, ತೋಟದಲ್ಲಿ ಬಟವಾಡೆ ಯಾವತ್ತು, ಇವೆಲ್ಲ ನಿಮಗೆ ಗೊತ್ತಿರುತ್ತದೆ. ಬಟವಾಡೆ ಆದ ದಿನ ತೋಟದ ಲೈನಿನ ಸಣ್ಣ ಅಂಗಡಿಗಳಲ್ಲಿ ವ್ಯಾಪಾರ ಜೋರು. ಹಾಗಾದರೆ ಮಾಲು ಅದಕ್ಕಿಂತ ಒಂದೆರಡು ದಿನ ಮುಂಚೆ ಅಂಗಡಿಯಲ್ಲಿರಬೇಕು. ಕಾಫಿ ಕೊಯ್ಲು ನವೆಂಬರ್‌ನಿಂದ ಫೆಬ್ರವರಿವರೆಗೆ ನಡೆಯುವಾಗ ಸಕಲೇಶಪುರ, ಬೇಲೂರು ಕಡೆ ಕೈಯಲ್ಲಿ ಕಾಸು ಓಡಾಡುತ್ತದೆ. ಅದೇ ಜೂನ್, ಜುಲೈ ಮಳೆಯಲ್ಲಿ ಆ ಲೈನ್ ಮಂಕಾಗುತ್ತದೆ. ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆಗೆದಾಗ ಪೇಟೆ ಅಂಗಡಿಗಳಿಗೆ ಬಿಡುವಿರಲ್ಲ. "ಬೀಟಿನ ದಿನವನ್ನ ಬಟವಾಡೆಗೆ ಹೊಂದಿಸಬಹುದಾ ಸಾರ್?" ಅಂತ ಕೇಳಿದರೆ, ಹೊರಗಿನಿಂದ ಬಂದ ಏರಿಯಾ ಮ್ಯಾನೇಜರ್ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗುತ್ತಾರೆ.

## ಹದಿನಾರು ದಿನ ಕಳೆದಿದೆ, ಅರ್ಧವೂ ಆಗಿಲ್ಲ

ಮುಂದಿನ ಪ್ರಶ್ನೆ ಸಾಮಾನ್ಯವಾಗಿ ಇದು. "25 ಕೆಲಸದ ದಿನದಲ್ಲಿ 16 ಮುಗಿದಿದೆ. ಏಳೂವರೆಯಲ್ಲಿ 3,64,000 ಮಾತ್ರ ಆಗಿದೆ. ಏನ್ಮಾಡ್ತೀರಾ?"

ಕ್ರಿಕೆಟ್ ನೋಡುವವರಿಗೆ ಈ ಲೆಕ್ಕ ಹೊಸದಲ್ಲ. ಇನ್ನೆಷ್ಟು ರನ್, ಇನ್ನೆಷ್ಟು ಓವರ್, ಓವರಿಗೆ ಎಷ್ಟು ಬೇಕು ಅಂತ ಬರುತ್ತದಲ್ಲ, ಅದೇ. ಸೇಲ್ಸ್‌ನವರೂ ರನ್ ರೇಟ್ ಅಂತಲೇ ಕರೆಯುತ್ತಾರೆ. ಶುರುವಿನಲ್ಲಿ ಬೇಕಾಗಿದ್ದದ್ದು ದಿನಕ್ಕೆ 30,000. ಈಗ ಉಳಿದಿರುವುದು 3,86,000, ದಿನ 9. ದಿನಕ್ಕೆ ಹತ್ತಿರ ಹತ್ತಿರ 43,000 ಬೇಕು.

ಇಲ್ಲಿ "ಹೇಗಾದ್ರೂ ಮಾಡ್ತೀನಿ" ಅನ್ನುವುದು ಅಪಾಯ. ಮೊದಲು ಯಾಕೆ ಹಿಂದೆ ಬಿದ್ದೆವು ಅಂತ ಕೇಳಬೇಕು. ಮ್ಯಾನೇಜರ್ ಹೇಳುತ್ತಾರೆ ಅಂದುಕೊಳ್ಳಿ: "ಮಳೆಗೆ ಎರಡು ದಿನ ಸಕಲೇಶಪುರದ ಲೈನಿಗೆ ಹೋಗೋಕೇ ಆಗಲಿಲ್ಲ. ಒಂದು ಓಡೋ ಐಟಂ ಗೋಡೌನಲ್ಲಿ ಇರಲಿಲ್ಲ, ನಾಳೆ ಬರುತ್ತೆ."

ಈಗ ಲೆಕ್ಕಕ್ಕೆ ಹಿಡಿತ ಸಿಕ್ಕಿತು. 16ರಲ್ಲಿ 2 ದಿನ ಸೊನ್ನೆ. ಉಳಿದ 14 ದಿನದಲ್ಲಿ 3,64,000 ಬಂದಿದೆ ಅಂದರೆ, ಹೋದ ದಿನಗಳಲ್ಲಿ ದಿನಕ್ಕೆ 26,000 ಬಂದಿದೆ. ಅದೇ ಓಟದಲ್ಲಿ ಮುಂದಿನ 9 ದಿನಕ್ಕೆ 2,34,000. ತಪ್ಪಿಹೋದ ಎರಡು ಬೀಟನ್ನು ಭಾನುವಾರ ಮಾಡಿ, ಸಿಗದವರಿಗೆ ಫೋನ್ ಮಾಡಿ ಆರ್ಡರ್ ತೆಗೆದುಕೊಂಡರೆ ಎಲ್ಲ ಸರಿಹೋದಲ್ಲಿ 52,000. ಇಲ್ಲದ ಐಟಂ ಕೇಳಿದ್ದ 30 ಅಂಗಡಿಗೆ ತಲಾ 1,000 ರೂಪಾಯಿಯ ಮಾಲು ಹೋದರೆ 30,000. ಒಟ್ಟು 3,16,000. ಆಗಲೇ ಆಗಿರುವುದನ್ನು ಕೂಡಿಸಿದರೆ 6,80,000. ಟಾರ್ಗೆಟ್‌ನ 90 ಪರ್ಸೆಂಟಿಗಿಂತ ಸ್ವಲ್ಪ ಮೇಲೆ.

"ಸಾರ್, ನೂರಕ್ಕೆ ನೂರು ಕಷ್ಟ. ಈ ಮೂರು ಕಡೆಯಿಂದ 6,80,000ದವರೆಗೆ ದಾರಿ ಕಾಣ್ತಿದೆ. ಉಳಿದ 70,000ಕ್ಕೆ ಈಗ ನನ್ನ ಹತ್ರ ದಾರಿ ಇಲ್ಲ, ದೊಡ್ಡ ಅಂಗಡಿಗಳ ಬಗ್ಗೆ ನೀವು ಹೇಳಿದ್ರೆ ನೋಡ್ತೀನಿ." ಈ ಮಾತು ಸೋಲು ಒಪ್ಪಿಕೊಂಡ ಹಾಗೆ ಕೇಳಿಸಬಹುದು ಅಂತ ಹೆದರುವವರಿದ್ದಾರೆ. ಮ್ಯಾನೇಜರ್‌ಗೆ ಇದರ ಬೆಲೆ ಬೇರೆ. ಅವರೂ ಮೇಲಿನವರಿಗೆ ಒಂದು ಅಂಕಿ ಹೇಳಬೇಕು. ಹುಡುಗರು ಹದಿನಾರನೇ ದಿನವೇ ನಿಜ ಹೇಳಿದರೆ ಬೇರೆ ಲೈನಿನಿಂದ ಸರಿದೂಗಿಸಬಹುದು. ಇಪ್ಪತ್ತೈದನೇ ದಿನ ಸಂಜೆ ಹೇಳಿದರೆ ಏನೂ ಮಾಡೋಕಾಗಲ್ಲ.

## ಮಾಲು ತುಂಬಿಸುವ ಮಾತು

ಆ 70,000ದ ವಿಷಯಕ್ಕೇ ಒಂದು ಬಲೆ ಹಾಕುತ್ತಾರೆ. "ಪರಿಚಯದ ಹೋಲ್‌ಸೇಲ್ ಅಂಗಡಿಗೆ 70,000ದ ಮಾಲು ಇಳಿಸಿಬಿಡಿ. ಆಮೇಲೆ ನೋಡ್ಕೊಳ್ಳೋಣ. ಆಗಲ್ವಾ?"

ಇದು ತಿಂಗಳ ಕೊನೆಯಲ್ಲಿ ನಡೆಯುವ ವ್ಯವಹಾರವೇ. ಅಂಗಡಿಗೆ ಬೇಕಾದ್ದಕ್ಕಿಂತ ಜಾಸ್ತಿ ಮಾಲು ಇಳಿಸಿದರೆ ಈ ತಿಂಗಳ ಅಂಕಿ ತುಂಬುತ್ತದೆ. ಮುಂದಿನ ತಿಂಗಳು ಆ ಅಂಗಡಿ ಆರ್ಡರ್ ಕೊಡಲ್ಲ, ಯಾಕೆಂದರೆ ಮಾಲು ಇನ್ನೂ ಕೂತಿದೆ. ಮಾರಾಟ ಆಗದೆ ಹಣವೂ ಬರಲ್ಲ. ಬಿಸ್ಕತ್ತಿಗೆ ಎಕ್ಸ್‌ಪೈರಿ ಬೇರೆ ಇದೆ, ಕೊನೆಗೆ ವಾಪಸ್ ಬರುತ್ತದೆ. ಇಂಥ ಮಾರಾಟವನ್ನು ಗುರುತಿಸುವುದು ಸುಲಭ: ತಿಂಗಳ ಕೊನೆಯ ಮೂರು ದಿನ ಒಂದೆರಡು ಅಂಗಡಿಗೆ ಭಾರೀ ಬಿಲ್, ಮುಂದಿನ ತಿಂಗಳ ಮೊದಲ ಎರಡು ವಾರ ಅದೇ ಅಂಗಡಿಗೆ ಒಂದೂ ಬಿಲ್ ಇಲ್ಲ.

ಉತ್ತರವನ್ನು ಉಪದೇಶದ ಹಾಗೆ ಕೊಡುವುದು ಬೇಡ. "ಆ ಅಂಗಡಿ ತಿಂಗಳಿಗೆ ಎಷ್ಟು ಮಾರುತ್ತೆ ಸಾರ್?" ಅಂತ ಮೊದಲು ಕೇಳಿ. ಅವರು 40,000 ಅಂದರೆ, "ಹಾಗಾದ್ರೆ 40,000ದವರೆಗೆ ಕೇಳಬಹುದು. ಅದಕ್ಕಿಂತ ಮೇಲೆ ಹಾಕಿದ್ರೆ ಮುಂದಿನ ತಿಂಗಳು ನನ್ನದೇ ಲೈನ್ ಖಾಲಿ ಹೊಡೆಯುತ್ತೆ, ದುಡ್ಡು ವಸೂಲಿಗೂ ನಾನೇ ಅಲೀಬೇಕು" ಅನ್ನಿ. ಇದೂ ಪೆನ್ನಿನ ಪ್ರಶ್ನೆಯಂಥದ್ದೇ. ಎದುರಿನವರಿಗೆ ಎಷ್ಟು ಬೇಕು ಅಂತ ಕೇಳಿ, ಅಷ್ಟನ್ನೇ ಮಾರುವುದು. ಕೆಲವು ಮ್ಯಾನೇಜರ್‌ಗಳಿಗೆ ಈ ಉತ್ತರ ಹಿಡಿಸದೆಯೂ ಇರಬಹುದು. ಆಗ ಆ ಕಂಪನಿಯಲ್ಲಿ ತಿಂಗಳ ಕೊನೆ ಹೇಗಿರುತ್ತೆ ಅನ್ನುವುದು ಸೇರುವ ಮುಂಚೆಯೇ ಗೊತ್ತಾಯಿತು ಅಂತ ಇಟ್ಟುಕೊಳ್ಳಿ.

ಹಿಂದೆ ಸೇಲ್ಸ್ ಮಾಡಿದವರಿಗೆ "ಅಲ್ಲಿ ಟಾರ್ಗೆಟ್ ಎಷ್ಟಿತ್ತು, ಎಷ್ಟು ಮಾಡಿದ್ರಿ?" ಅಂತ ಕೇಳುತ್ತಾರೆ. ಪರ್ಸೆಂಟ್ ಜೊತೆ ಅಂಕಿಯನ್ನೂ ಹೇಳಿ. ಬಿದ್ದುಹೋದ ತಿಂಗಳಿದ್ದರೆ ಕಾರಣ ಸಮೇತ ಹೇಳಿ. ಪ್ರತಿ ತಿಂಗಳೂ 100 ಪರ್ಸೆಂಟ್ ಅಂದರೆ ಯಾರೂ ನಂಬಲ್ಲ.

## ನೀವು ಕೇಳಬೇಕಾದ್ದು

"ನಿಮ್ಮದೇನಾದ್ರೂ ಪ್ರಶ್ನೆ ಇದೆಯಾ?" ಅಂದಾಗ "ಏನಿಲ್ಲ ಸಾರ್" ಅಂತ ಎದ್ದು ಬಂದರೆ ನಷ್ಟ ನಿಮ್ಮದೇ. ಆ ಲೈನಿನ ಕಳೆದ ಮೂರು ತಿಂಗಳ ಮಾರಾಟ ಎಷ್ಟು ಅಂತ ಕೇಳಿ. ಟಾರ್ಗೆಟ್ ಏಳೂವರೆ, ಮೂರು ತಿಂಗಳಿಂದ ಆಗುತ್ತಿರುವುದು ನಾಲ್ಕು ಅಂದರೆ, ಅದು ಮುಟ್ಟೋಕೆ ಕೊಟ್ಟ ಅಂಕಿಯಲ್ಲ. ಇನ್ಸೆಂಟಿವ್ ಎಷ್ಟು ಪರ್ಸೆಂಟಿನಿಂದ ಶುರುವಾಗುತ್ತೆ ಅಂತ ಕೇಳಿ. ಕೆಲವು ಕಡೆ 90ಕ್ಕೆ ಸ್ವಲ್ಪ ಸಿಗುತ್ತದೆ, ಕೆಲವು ಕಡೆ 100 ಮುಟ್ಟದಿದ್ದರೆ ಏನೂ ಇಲ್ಲ. ಮೇಲಿನ 6,80,000ದ ಲೆಕ್ಕದಲ್ಲಿ ಈ ಒಂದು ನಿಯಮದ ಮೇಲೆ ನಿಮ್ಮ ಆ ತಿಂಗಳ ಕೈಗಾಸು ನಿಂತಿದೆ.

ಪೆಟ್ರೋಲ್ ಖರ್ಚು ಬೇರೆ ಕೊಡುತ್ತಾರಾ, ಸಂಬಳದಲ್ಲೇ ಸೇರಿದೆಯಾ ಅಂತ ಕೇಳಿ. ಹಾಸನದಿಂದ ಸಕಲೇಶಪುರಕ್ಕೆ ಹೋಗಿಬರುವುದು ಸುಮಾರು 80 ಕಿಲೋಮೀಟರ್, ಅಂಗಡಿ ಸುತ್ತುವುದು ಬೇರೆ. ಗಾಡಿ 45ರ ಮೈಲೇಜ್ ಕೊಟ್ಟರೂ ದಿನಕ್ಕೆ ಎರಡು ಲೀಟರಿನ ಮಾತು. ಅಂಗಡಿಯವರು ಹಣ ಕೊಡದಿದ್ದರೆ ಅದು ಯಾರ ತಲೆ ಮೇಲೆ, ಸಂಬಳದಲ್ಲಿ ಹಿಡಿಯುತ್ತಾರಾ ಅನ್ನುವುದನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಆಫರ್ ಲೆಟರ್‌ನಲ್ಲಿ ಏನಿದೆ ನೋಡಿ. ಕೆಲಸ ಕೊಡೋಕೆ ಡೆಪಾಸಿಟ್, ಟ್ರೈನಿಂಗ್ ಫೀಸು, ಸಹಿ ಹಾಕಿದ ಖಾಲಿ ಚೆಕ್ ಇಂಥದ್ದೇನಾದರೂ ಕೇಳಿದರೆ, ಪೆನ್ ಅವರ ಮೇಜಿನ ಮೇಲೇ ಬಿಟ್ಟು ಎದ್ದು ಬನ್ನಿ.